ಜಾಣರ ಕೂಟಕ್ಕೆ ಸೋಲೇಕೆ?

ಹತ್ತು ಜನ ಕೂಡಿ ನಡೆಸಬೇಕಾದ ಕೆಲಸವೊಂದು ಬಂದೊದಗಿದಾಗ ನಾವೆಲ್ಲರೂ ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ. ನಮಗೆ ಗೊತ್ತಿರುವ ಜಾಣರ ಹೆಸರುಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇವೆ. ಅವರಲ್ಲಿ ಹೆಚ್ಚು ಓದಿದವರನ್ನೂ ಹೆಚ್ಚು ಹೆಸರು ಪಡೆದವರನ್ನೂ ಆರಿಸಿ ಕಮಿಟಿಗೆ ಹಾಕುತ್ತೇವೆ. ಇನ್ನು ಕೆಲಸವಾದಂತೆಯೇ ಎಂದು ನೆಮ್ಮದಿಯಿಂದ ಮನೆಗೆ ಹೋಗುತ್ತೇವೆ. ಆರು ತಿಂಗಳು ಕಳೆದ ಮೇಲೆ ನೋಡಿದರೆ ಕೆಲಸವು ಇದ್ದಲ್ಲಿಯೇ ಇರುವುದು. ಜಾಣರು ಮಾತ್ರ ಪರಸ್ಪರ ಮಾತು ಬಿಟ್ಟಿರುವರು. ಇದಕ್ಕೆ ಕಾಲವನ್ನಾಗಲಿ ಗ್ರಹಗತಿಯನ್ನಾಗಲಿ ದೂರುವುದಕ್ಕೆ ಮುಂಚೆ, ಇದೇ ಪ್ರಶ್ನೆಯನ್ನು ಒಬ್ಬ ವಿದ್ವಾಂಸರು ಹಲವು ವರ್ಷಗಳ ಕಾಲ ಪ್ರಯೋಗದಿಂದ ಶೋಧಿಸಿದುದನ್ನು ನಮ್ಮ ವಾಚಕರು ತಿಳಿಯುವುದು ಒಳ್ಳೆಯದು.

ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ತೀರದ ಹೆನ್ಲಿ ಎಂಬ ಊರಿನ ಬಳಿ, ದೊಡ್ಡ ಅಧಿಕಾರಿಗಳಿಗೆ ಆಡಳಿತವನ್ನು ಕಲಿಸುವ ಒಂದು ಕಾಲೇಜಿದ್ದಿತು. 1956ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಆಡಳಿತ ಸಿಬ್ಬಂದಿ ಕಾಲೇಜಿಗೂ ಇದೇ ಮೇಲ್ಪಂಕ್ತಿಯಾಯಿತು. ಹೆನ್ಲಿಯಲ್ಲಿ ಪಾಠದ ಅಂಗವಾಗಿ ಒಂದು ವ್ಯಾಪಾರದ ಆಟವನ್ನು ಆಡಿಸುತ್ತಿದ್ದರು. ಕಲಿಯಲು ಬಂದವರು ತಂಡಗಳಾಗಿ ಒಡೆದು, ಒಂದೊಂದು ತಂಡವೂ ಒಂದು ಕಲ್ಪಿತ ಕಂಪೆನಿಯಾಗಿ, ಕೊಳ್ಳುವುದು, ಮಾರುವುದು, ಸಾಲ ಮಾಡುವುದು ಮೊದಲಾದ ವ್ಯವಹಾರಗಳನ್ನು ನಡೆಸುವುದು. ಕೊನೆಗೆ ಲೆಕ್ಕ ಹಾಕಿದಾಗ ಯಾರ ಐಶ್ವರ್ಯವು ಹೆಚ್ಚೋ ಅವರಿಗೆ ಜಯ. ಮೆರೆಡಿತ್ ಬೆಲ್ಬಿನ್ ಎಂಬ ಮನಶ್ಶಾಸ್ತ್ರಜ್ಞರು ಈ ಆಟವನ್ನು ತಮ್ಮ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು. ಮನುಷ್ಯರ ಕೂಟವು ಚೆನ್ನಾಗಿ ಕೆಲಸ ಮಾಡಿತೆ ಇಲ್ಲವೆ ಎಂಬುದನ್ನು ಅಳೆಯುವುದು ಕಷ್ಟ. ಇಲ್ಲಿಯಾದರೋ ಕೊನೆಯಲ್ಲಿ ಒಂದು ಹಣದ ಮೊತ್ತವು ದೊರೆಯುತ್ತಿದ್ದುದರಿಂದ ತೀರ್ಪಿನಲ್ಲಿ ವಾದಕ್ಕೆಡೆಯಿರಲಿಲ್ಲ.

ಅವರು ಮೊದಲು ಪ್ರತಿಯೊಬ್ಬರಿಗೂ ಬುದ್ಧಿಶಕ್ತಿಯ ಪರೀಕ್ಷೆಯನ್ನೂ ಸ್ವಭಾವದ ಪರೀಕ್ಷೆಯನ್ನೂ ಕೊಟ್ಟರು. ಅನಂತರ ಬೇರೆ ಬೇರೆ ಬಗೆಯ ಜನರನ್ನು ಬೇಕೆಂದೇ ಕೂಡಿಸಿ ತಂಡಗಳನ್ನು ಕಟ್ಟಿದರು. ಆಟವು ನಡೆಯುವಾಗ ಒಬ್ಬ ವೀಕ್ಷಕನು ಸುಮ್ಮನೆ ಕುಳಿತು, ಅರ್ಧ ನಿಮಿಷಕ್ಕೊಮ್ಮೆ ಯಾರು ಯಾವ ಬಗೆಯ ಮಾತನ್ನಾಡಿದರೆಂದು ಗುರುತು ಹಾಕುತ್ತಿದ್ದನು: ಕೇಳಿದರೆ, ತಿಳಿಸಿದರೆ, ಹೊಸತನ್ನು ಸೂಚಿಸಿದರೆ, ಎದುರಾಡಿದರೆ, ಇನ್ನೊಬ್ಬರಿಗೆ ಕೆಲಸ ವಹಿಸಿದರೆ, ಇನ್ನೊಬ್ಬರ ಮಾತನ್ನು ಬೆಳೆಸಿದರೆ, ಬರಿದೆ ಟೀಕೆ ಮಾಡಿದರೆ ಎಂದು. ಹೀಗೆ ಒಂಬತ್ತು ವರ್ಷಗಳು ನಡೆದುವು. ಅದರ ಫಲವನ್ನು ಬೆಲ್ಬಿನ್ನರು 1981ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದರು.

ಆ ಫಲಗಳಲ್ಲಿ ಎಲ್ಲಕ್ಕಿಂತ ಆಶ್ಚರ್ಯಕರವಾದುದು ಇದು. ಬುದ್ಧಿಪರೀಕ್ಷೆಯಲ್ಲಿ ಅತ್ಯಂತ ಮೇಲಿದ್ದವರನ್ನೇ ಒಂದು ಕಡೆಗೆ ಸೇರಿಸಿ ಅವರು ಕೆಲವು ತಂಡಗಳನ್ನು ಮಾಡಿದರು. ಚಂದ್ರಲೋಕಕ್ಕೆ ಮನುಷ್ಯನನ್ನು ಕಳುಹಿಸಿದ ಅಪೋಲೋ ಯೋಜನೆಯ ಮೇಧಾವಿಗಳನ್ನು ನೆನೆದು ಇವುಗಳಿಗೆ ‘ಅಪೋಲೋ’ ತಂಡಗಳೆಂದು ಹೆಸರಾಯಿತು. ಇವೇ ಗೆಲ್ಲುವುವೆಂದು ಯಾರಾದರೂ ಹೇಳುವರು. ಆದರೆ ಇಂಥ 25 ತಂಡಗಳಲ್ಲಿ ಗೆದ್ದವು ಮೂರೇ ಮೂರು! ಎಂಟು ತಂಡಗಳ ಸಾಲಿನಲ್ಲಿ ಅವುಗಳಿಗೆ ಹೆಚ್ಚಾಗಿ ದೊರೆತುದು ಆರನೆಯ ಸ್ಥಾನ. ಅವರ ಮಾತುಕತೆಯ ಗುರುತುಗಳನ್ನು ನೋಡಿದಾಗ ಕಾರಣವು ಹೊರಬಿದ್ದಿತು. ಪ್ರತಿಯೊಬ್ಬರೂ ಇತರರನ್ನು ತಮ್ಮ ಮತಕ್ಕೆ ತಿರುಗಿಸಲು ಹೆಣಗಿದರು. ಪ್ರತಿಯೊಬ್ಬರೂ ಇತರರ ವಾದದ ದೋಷವನ್ನು ಕ್ಷಣಾರ್ಧದಲ್ಲಿ ಕಂಡುಹಿಡಿದರು. ಆದುದರಿಂದ ಯಾರೂ ಯಾರ ಮಾತಿಗೂ ಒಪ್ಪಲಿಲ್ಲ. ವಾದವು ನಡೆಯುತ್ತಿದ್ದಂತೆ ಅವಶ್ಯವಾದ ಸಣ್ಣ ಕೆಲಸಗಳು ಹಿಂದೆ ಬಿದ್ದುವು. ಕೊನೆಗೆ ಒಬ್ಬೊಬ್ಬರೂ ತಮಗೆ ಸರಿತೋರಿದುದನ್ನು ಮಾಡಿದರು; ಪಕ್ಕದವರು ಏನು ಮಾಡುತ್ತಿರುವರೆಂಬುದನ್ನು ವಿಚಾರಿಸಲಿಲ್ಲ.

ಹಾಗಾದರೆ ಗೆಲ್ಲುವ ತಂಡಗಳಲ್ಲಿದ್ದುದೇನು? ಬುದ್ಧಿಯ ಮೊತ್ತವಲ್ಲ, ಸ್ವಭಾವಗಳ ಹೊಂದಾಣಿಕೆ. ಕೂಡಿ ಮಾಡುವ ಕೆಲಸದಲ್ಲಿ ಮನುಷ್ಯರು ತಮ್ಮ ಹುದ್ದೆಯನ್ನಲ್ಲದೆ ಇನ್ನೊಂದು ಪಾತ್ರವನ್ನೂ ವಹಿಸುವರೆಂದು ಬೆಲ್ಬಿನ್ನರು ಕಂಡರು. ಒಬ್ಬನು ಹುದ್ದೆಯಿಂದ ಲೆಕ್ಕಪತ್ರದವನಾಗಿರಬಹುದು. ಕೂಟದಲ್ಲಿ ಅವನು ವಹಿಸುವ ಪಾತ್ರವು ಹೊಸ ಉಪಾಯಗಳನ್ನು ಹುಟ್ಟಿಸುವುದಾಗಿರಬಹುದು. ಇಂಥ ಪಾತ್ರಗಳನ್ನು ಅವರು ಮೊದಲು ಎಂಟೆಂದು ಎಣಿಸಿ, ಆಮೇಲೆ ಒಂಬತ್ತೆಂದರು. ಅವೆಲ್ಲವನ್ನೂ ಪಟ್ಟಿಮಾಡಿ ವಾಚಕರಿಗೆ ಬೇಸರವನ್ನುಂಟುಮಾಡುವುದು ನಮ್ಮ ಉದ್ದೇಶವಲ್ಲ. ಗೃಹಸ್ಥರಿಗೆ ದಿನವೂ ಎದುರಾಗುವ ನಾಲ್ಕನ್ನು ಮಾತ್ರ ತೆಗೆದುಕೊಳ್ಳುವೆವು. ಅವರನ್ನು ಕಲ್ಪಕ, ಯೋಜಕ, ಸಮಾಪಕ, ವಿಮರ್ಶಕ ಎಂದು ಕರೆಯೋಣ.

ಕಲ್ಪಕನೆಂದರೆ ಹೊಸತನ್ನು ಕಾಣುವವನು. ಎಲ್ಲರೂ ನಡೆದ ದಾರಿಯಲ್ಲಿ ಹೋಗುತ್ತಿರುವಾಗ ಅವನು ಬೇಲಿಯ ಆಚೆಗೆ ನೋಡುವನು. ಬೆಲ್ಬಿನ್ನರು ಇಂಥ ಒಬ್ಬೊಬ್ಬನನ್ನು ಹುಡುಕಿ ಒಂದೊಂದು ತಂಡದಲ್ಲಿ ಸಸಿಯಂತೆ ನೆಟ್ಟುದರಿಂದ ಇಂಗ್ಲಿಷಿನಲ್ಲಿ ಈ ಪಾತ್ರಕ್ಕೆ ‘ಪ್ಲಾಂಟ್’ ಎಂದೇ ಹೆಸರು. ಆದರೆ ಇವನಿಗೆ ವಿವರಗಳಲ್ಲಿ ಆದರವಿಲ್ಲ. ಹೇಳಿದ ಹೊತ್ತಿಗೆ ಬರುವುದಿಲ್ಲ. ತನ್ನ ಉಪಾಯವನ್ನು ಯಾರಾದರೂ ಅಲ್ಲಗಳೆದರೆ ಬೇಗ ನೊಂದುಕೊಳ್ಳುವನು. ಇವನೊಬ್ಬನಿದ್ದರೆ ತಂಡಕ್ಕೆ ಜೀವಕಳೆ ಬರುವುದು. ಇಬ್ಬರು ಮೂವರಾದರೆ ಒಬ್ಬೊಬ್ಬನೂ ತನ್ನ ಕೂಸನ್ನು ಮುದ್ದಿಸುತ್ತ ಕುಳಿತು ಉಪಾಯಗಳೆಲ್ಲ ಉಪಾಯಗಳಾಗಿಯೇ ಉಳಿಯುವುವು.

ಯೋಜಕನು ಜನರನ್ನು ಕೆಲಸಕ್ಕೆ ಹೊಂದಿಸುವವನು. ಯೋಜಕನು ದುರ್ಲಭನೆಂದು ಸಾರುವ ಸುಭಾಷಿತವನ್ನು ನಮ್ಮ ಸಂಸ್ಕೃತ ತರಗತಿಗಳಲ್ಲಿ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದೇವೆ. ಹೆನ್ಲಿಯ ಪ್ರಯೋಗವು ಅದಕ್ಕೊಂದು ಟೀಕೆಯನ್ನು ಬರೆದಂತಾಯಿತು. ಅಲ್ಲಿ ಜಯವನ್ನು ತಂದ ಅಧ್ಯಕ್ಷರು ತಂಡದಲ್ಲಿ ಎಲ್ಲರಿಗಿಂತ ಬುದ್ಧಿವಂತರಾಗಿರಲಿಲ್ಲ. ಬುದ್ಧಿಪರೀಕ್ಷೆಯಲ್ಲಿ ಅವರು ಸಾಮಾನ್ಯರಿಗಿಂತ ತುಸುವೇ ಮೇಲಿದ್ದರು. ಆದರೆ ಯಾರಲ್ಲಿ ಏನಿದೆಯೆಂಬುದನ್ನು ಅವರು ಬಲ್ಲರು; ಎಲ್ಲರ ಮಾತನ್ನೂ ಕೇಳುವರು; ಯಾವಾಗ ಕೇಳುವುದನ್ನು ನಿಲ್ಲಿಸಿ ನಿಶ್ಚಯಕ್ಕೆ ಬರಬೇಕೆಂಬುದನ್ನೂ ಬಲ್ಲರು. ಇವರಲ್ಲಿಯೂ ಒಂದು ಕುಂದುಂಟು: ಕೆಲಸವನ್ನು ಇತರರಿಗೆ ಹಂಚುತ್ತ ಹಂಚುತ್ತ ತಮ್ಮ ಪಾಲನ್ನೂ ಹಂಚಿಬಿಡುವರೆಂದು ಜನರು ಆಡಿಕೊಳ್ಳುವರು.

ಸಮಾಪಕನು ಹಿಡಿದುದನ್ನು ಕೊನೆಮುಟ್ಟಿಸುವವನು. ಎಲ್ಲರೂ ಮುಗಿಯಿತೆಂದು ಎದ್ದುಹೋದ ಮೇಲೆ ದೀಪವನ್ನು ಹಿಡಿದು ಇನ್ನೊಮ್ಮೆ ಸುತ್ತಿ ಬರುವನು. ರಸೀತಿಗೆ ಸಹಿಯಾಗಿದೆಯೆ, ಬಾಗಿಲಿಗೆ ಬೀಗ ಬಿದ್ದಿದೆಯೆ, ಕರೆಯಬೇಕಾದವರೆಲ್ಲರಿಗೂ ಪತ್ರ ಹೋಗಿದೆಯೆ ಎಂಬ ಚಿಂತೆ ಇವನನ್ನು ನಿದ್ರೆಗೊಡದು. ಹೊರಗೆ ಶಾಂತನಾಗಿ ಕಂಡರೂ ಒಳಗೆ ಕಳವಳದ ಮನುಷ್ಯ. ಈ ಕಳವಳವೇ ಅವನ ಗುಣ, ಅದೇ ಅವನ ದೋಷ. ಇನ್ನೊಬ್ಬರು ಮಾಡಿದರೆ ಕೆಡುವುದೆಂದು ಎಲ್ಲವನ್ನೂ ತಾನೇ ಹೊತ್ತು ಬಳಲುವನು.

ವಿಮರ್ಶಕನು ತೂಗಿ ನೋಡುವವನು. ಇವನಿಗೆ ಉತ್ಸಾಹವಿಲ್ಲ, ಮಾತು ಒಣಗಿದುದು, ನಿಧಾನಿ. ‘ಇದು ನಡೆಯದು’ ಎಂದಾಗ ಸಭೆಯ ಮುಖವೆಲ್ಲ ಬಾಡುವುದು. ಆದರೆ ಅವನು ಹೇಳಿದುದು ಬಹುವಾಗಿ ನಿಜವಾಗುವುದು. ಕಲ್ಪಕನ ಬುದ್ಧಿಗೆ ಸರಿಸಮನಾಗಿ ನಿಂತು ವಾದಿಸಿ, ಒಪ್ಪಿಸಿ, ಅವನ ಹತ್ತು ಉಪಾಯಗಳಲ್ಲಿ ಯಾವುದೊಂದು ಕಾಲೂರಿ ನಿಲ್ಲಬಲ್ಲುದೆಂದು ಆರಿಸಿಕೊಡುವುದು ಇವನ ಕೆಲಸ. ಎಲ್ಲವನ್ನೂ ಹಳಿಯುವವನು ವಿಮರ್ಶಕನಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಹಳಿಯುವವನಿಗೆ ಮನುಷ್ಯನ ಮೇಲೆ ಕಣ್ಣು. ವಿಮರ್ಶಕನಿಗೆ ಕಾರ್ಯದ ಮೇಲೆ ಕಣ್ಣು. ಪರೀಕ್ಷೆಯೂ ಸುಲಭ: ಅವನ ಆಕ್ಷೇಪಕ್ಕೆ ಸರಿಯಾದ ಉತ್ತರವು ದೊರೆತಾಗ ವಿಮರ್ಶಕನು ಸುಮ್ಮನಾಗುವನು, ಹಳಿಯುವವನು ಇನ್ನೊಂದು ಆಕ್ಷೇಪವನ್ನು ಹುಡುಕುವನು.

ಈ ನಾಲ್ವರನ್ನೂ ಒಟ್ಟಿಗೆ ನೋಡಿದಾಗ ಬೆಲ್ಬಿನ್ನರ ಸಿದ್ಧಾಂತದ ತಿರುಳು ಕಾಣುವುದು. ಪ್ರತಿಯೊಬ್ಬನ ದೋಷವೂ ಅವನ ಗುಣಕ್ಕೆ ತೆರುವ ಬೆಲೆ. ಕಲ್ಪಕನಿಗೆ ವಿವರಗಳ ಶಿಸ್ತನ್ನು ಬಲವಂತವಾಗಿ ಕಲಿಸಿದರೆ ಅವನ ಕಲ್ಪನೆ ಬತ್ತಬಹುದು. ಸಮಾಪಕನ ಕಳವಳವನ್ನು ಕಿತ್ತುಹಾಕಿದರೆ ಅವನ ಎಚ್ಚರವೂ ಹೋಗಬಹುದು. ಇವುಗಳಿಗೆ ಬೆಲ್ಬಿನ್ನರು ‘ಸಹಿಸತಕ್ಕ ದೌರ್ಬಲ್ಯ’ಗಳೆಂದು ಹೆಸರಿಟ್ಟರು. ದೋಷವನ್ನು ಆ ಮನುಷ್ಯನಲ್ಲಿಯೇ ತಿದ್ದಲು ಹೋಗದೆ, ಪಕ್ಕದಲ್ಲಿ ಕುಳಿತವನ ಗುಣದಿಂದ ಅದನ್ನು ತುಂಬಿಸಿಕೊಳ್ಳಬೇಕೆಂಬುದೇ ಅವರ ಉಪದೇಶ. ಸರ್ವಗುಣಸಂಪನ್ನನಾದ ಮನುಷ್ಯನು ದೊರೆಯುವುದಿಲ್ಲ; ಸರ್ವಗುಣಸಂಪನ್ನವಾದ ತಂಡವನ್ನು ಕಟ್ಟುವುದು ಮಾತ್ರ ನಮ್ಮ ಕೈಯಲ್ಲಿರುವುದು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ವಾಚಕರು ‘ಇದು ಆಂಗ್ಲರ ಆಟದ ಮಾತು, ನಮ್ಮ ಬೀದಿಯಲ್ಲಿ ಹೇಗೆ?’ ಎಂದು ಕೇಳಬಹುದು. ಆದುದರಿಂದ ನಾವು ವಾಸವಾಗಿರುವ ಮಹದೇವಪುರದ ಕಡೆಯ ಒಂದು ಸಂಗತಿಯನ್ನು ವಿವರವಾಗಿ ಹೇಳುವೆವು.

ಮೊದಲು ನಗರಸಭೆಯಾಗಿದ್ದು 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿದ ಈ ಪ್ರದೇಶವು ಕೆರೆಗಳ ಸಾಲಿನ ಮೇಲೆ ಬೆಳೆದುದು. ಒಂದು ಕೆರೆಯ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಯನ್ನು ಸೇರುತ್ತಿದ್ದಿತು. ಕಾಲುವೆಗಳು ಕಿರಿದಾಗಿ ಮನೆಗಳು ಹೆಚ್ಚಿದುದರ ಪರಿಣಾಮವನ್ನು 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರಿನ ಮಳೆಯಲ್ಲಿ ಇಲ್ಲಿಯವರೆಲ್ಲರೂ ಕಂಡರು. ನಮ್ಮ ಬಡಾವಣೆಯಲ್ಲಿ ತಗ್ಗಿನ ಮೂಲೆಯ ಒಂಬತ್ತು ಮನೆಗಳೊಳಕ್ಕೆ ನೀರು ನುಗ್ಗಿ, ಅಕ್ಕಿಯ ಮೂಟೆಗಳೂ ಮಕ್ಕಳ ಪುಸ್ತಕಗಳೂ ತೊಯ್ದುಹೋದುವು. ಮುಂದಿನ ಮಳೆಗಾಲದೊಳಗೆ ಏನಾದರೂ ಮಾಡಲೇಬೇಕೆಂದು ಏಳು ಜನರ ಸಮಿತಿಯೊಂದು ಏರ್ಪಟ್ಟಿತು. ಏಳು ಜನರೂ ಘನವಂತರು: ಐವರು ಇಂಜಿನಿಯರುಗಳು, ಒಬ್ಬರು ಕಟ್ಟಡದ ನಕ್ಷೆ ಬರೆಯುವವರು, ಒಬ್ಬರು ಹಣಕಾಸಿನಲ್ಲಿ ನಿಪುಣರು.

ಅಕ್ಟೋಬರಿನಿಂದ ಜನವರಿಯವರೆಗೆ ಒಂಬತ್ತು ಸಭೆಗಳು ನಡೆದುವು. ರಸ್ತೆಯನ್ನು ಎತ್ತರಿಸಬೇಕೆಂದು ಒಬ್ಬರು. ಹಾಗೆ ಮಾಡಿದರೆ ನೀರು ಮನೆಗಳಿಗೇ ತಿರುಗುವುದೆಂದು ಇನ್ನೊಬ್ಬರು. ತೊಟ್ಟಿ ಕಟ್ಟಿ ಪಂಪಿನಿಂದ ನೀರೆತ್ತಬೇಕೆಂದು ಎರಡನೆಯವರು. ಮಳೆಯ ರಾತ್ರಿ ವಿದ್ಯುತ್ತು ಹೋದರೆ ಏನು ಗತಿಯೆಂದು ಮೊದಲನೆಯವರು. ಬಡಾವಣೆಯ ಚರಂಡಿಯು ರಾಜಕಾಲುವೆಯನ್ನು ಸೇರುವ ಕೊಳವೆಯನ್ನು ಅಗಲಿಸಬೇಕೆಂದು ಮೂರನೆಯವರು. ಮೂರು ನಕ್ಷೆಗಳೂ ಅಂದವಾಗಿದ್ದುವು. ಮೂರಕ್ಕೂ ಮಾಡಿದ ಆಕ್ಷೇಪಗಳು ಸಮರ್ಪಕವಾಗಿದ್ದುವು. ಆದರೆ ಚರಂಡಿಯ ಇಳಿಜಾರೆಷ್ಟು, ಕೊಳವೆಯಲ್ಲಿ ಹೂಳೆಷ್ಟು ಎಂಬುದನ್ನು ಒಂದು ಕೋಲು ಹಿಡಿದು ಅಳೆದುಬರುವ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ. ಕಾರಣ, ಅದು ಏಳು ಜನರಲ್ಲಿ ಯಾರ ಯೋಗ್ಯತೆಗೂ ತಕ್ಕ ಕೆಲಸವಾಗಿ ತೋರಲಿಲ್ಲ. ಹೆನ್ಲಿಯ ಅಪೋಲೋ ತಂಡವೇ ನಮ್ಮ ಬೀದಿಗೆ ಬಂದು ಕುಳಿತಂತಿದ್ದಿತು.

ಫೆಬ್ರವರಿಯಲ್ಲಿ ಸಮಿತಿಯನ್ನು ಹೊಸದಾಗಿ ಕಟ್ಟಿದರು. ಏಳರಲ್ಲಿ ಮೂವರು ಉಳಿದರು. ನಾಲ್ವರು ತಾವಾಗಿಯೇ ಹಿಂದೆ ಸರಿದು, ಕೇಳಿದಾಗ ಸಲಹೆ ಕೊಡುವೆವೆಂದರು. ಅಧ್ಯಕ್ಷತೆಯನ್ನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರರಾಗಿದ್ದು ನಿವೃತ್ತರಾದ ಒಬ್ಬರಿಗೆ ಕೊಟ್ಟರು. ಅವರಿಗೆ ನೀರಿನ ಶಾಸ್ತ್ರವು ತಿಳಿಯದು. ಆದರೆ ಹತ್ತು ಬಗೆಯ ಜನರಿಂದ ಒಂದೇ ಹೊತ್ತಿಗೆ ಹತ್ತು ಕೆಲಸಗಳನ್ನು ಮಾಡಿಸಿದ ಅಭ್ಯಾಸವಿದ್ದಿತು. ಮೊದಲನೆಯ ಸಭೆಯಲ್ಲಿಯೇ ಅವರು, “ಸ್ವಾಮಿ, ಇವತ್ತು ಯಾವ ಉಪಾಯವೂ ಬೇಡ. ಯಾರು ಏನನ್ನು ಅಳೆದು ತರುವಿರಿ, ಅದನ್ನು ಮಾತ್ರ ಹೇಳಿ” ಎಂದರು. ಮಾತನಾಡದೆ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಗೃಹಿಣಿಯನ್ನು ನೋಡಿ, “ಅಮ್ಮ, ನೀರು ಮೊದಲು ಯಾವ ಕಡೆಯಿಂದ ಬಂದಿತು, ನೀವು ಕಂಡಿರಲ್ಲವೆ?” ಎಂದು ಕೇಳಿದರು. ಕೊಳವೆಯ ಬಾಯಿಂದ ನೀರು ಹಿಮ್ಮುಖವಾಗಿ ಬಂದುದನ್ನು ಆಕೆ ಕಣ್ಣಾರೆ ಕಂಡಿದ್ದರು. ಒಂಬತ್ತು ಸಭೆಗಳಲ್ಲಿ ಯಾರೂ ಆಕೆಯನ್ನು ಕೇಳಿರಲಿಲ್ಲ!

ಉಳಿದ ಮೂವರಲ್ಲಿ ನಕ್ಷೆ ಬರೆಯುವವರು ನಿಜವಾದ ಕಲ್ಪಕರು. ಬಂದ ನೀರನ್ನು ಹೊರಹಾಕುವ ಮಾತನ್ನೇ ಬಿಟ್ಟು, ನೀರು ತಗ್ಗಿಗೆ ಬಾರದಂತೆ ಮಾಡಬಾರದೇಕೆ ಎಂದು ಅವರು ಕೇಳಿದರು. ಮೇಲಿನ ಬೀದಿಗಳ 40 ಮನೆಗಳ ಮಾಳಿಗೆಯ ನೀರನ್ನು ಇಂಗುಬಾವಿಗಳಿಗೆ ತಿರುಗಿಸಿದರೆ ಸಾಕೆಂಬುದು ಅವರ ಉಪಾಯ. ಸಭೆಗೆ ಇದು ಬಹಳ ಹಿಡಿಸಿತು. ಆಗಲೇ ಚಪ್ಪಾಳೆ ಬಿದ್ದಿತು. ಹಣಕಾಸಿನವರು ಮಾತ್ರ ಸುಮ್ಮನಿದ್ದು, ಒಂದು ವಾರದ ಗಡುವನ್ನು ಕೇಳಿ, ಲೆಕ್ಕವನ್ನು ಬರೆದು ತಂದರು. ಒಂದೊಂದು ಮಾಳಿಗೆಯೂ ಸುಮಾರು 100 ಚದರ ಮೀಟರು. ಒಂದು ಗಂಟೆಯಲ್ಲಿ 50 ಮಿಲಿಮೀಟರು ಮಳೆ ಬಿದ್ದರೆ 40 ಮಾಳಿಗೆಗಳಿಂದ ಇಳಿಯುವ ನೀರು 2 ಲಕ್ಷ ಲೀಟರು. ಒಂದು ಮೀಟರು ಅಡ್ಡಳತೆ, ಆರು ಮೀಟರು ಆಳದ ಬಾವಿಯಲ್ಲಿ ಹಿಡಿಯುವುದು 4,700 ಲೀಟರು. ಕೈಯಲ್ಲಿರುವ ಹಣಕ್ಕೆ ಆಗುವುದು 20 ಬಾವಿಗಳು. ಅವೆಲ್ಲ ಸೇರಿ ಹಿಡಿಯುವುದು 94 ಸಾವಿರ ಲೀಟರು, ಎಂದರೆ ಅರ್ಧಕ್ಕೂ ಕಡಿಮೆ. ಮಣ್ಣು ಜೇಡಿಯಾದುದರಿಂದ ಮಳೆ ಸುರಿಯುತ್ತಿರುವಾಗ ಇಂಗುವುದು ಬಹು ಸ್ವಲ್ಪ. “ಉಪಾಯವು ಒಳ್ಳೆಯದು, ಅದೊಂದೇ ಸಾಲದು” ಎಂದು ಹೇಳಿ ಅವರು ಕುಳಿತರು.

ಕಲ್ಪಕರ ಮುಖವು ಕೆಂಪಾಯಿತು. ಹಿಂದಿನ ಸಮಿತಿಯಾಗಿದ್ದರೆ ಇಲ್ಲಿಂದ ಒಂದು ಹೊಸ ಕಲಹವು ಆರಂಭವಾಗುತ್ತಿದ್ದಿತು. ಅಧ್ಯಕ್ಷರು ಅದಕ್ಕೆ ಅವಕಾಶ ಕೊಡದೆ, ಮಿಕ್ಕ ಅರ್ಧಕ್ಕೆ ಏನು ಮಾಡೋಣವೆಂದು ಕಲ್ಪಕರನ್ನೇ ಕೇಳಿದರು. ಆಗ ಗೃಹಿಣಿಯ ಮಾತು ನೆನಪಿಗೆ ಬಂದು, ಕೊಳವೆಯ ಬಾಯಿಗೆ ಒಂದೇ ಕಡೆಗೆ ತೆರೆಯುವ ಕದವನ್ನು ಹಾಕುವುದೆಂದೂ, ಅದಕ್ಕೆ ಮುಂಚೆ ಹೂಳು ನಿಲ್ಲುವ ಗುಂಡಿಯೊಂದನ್ನು ತೋಡುವುದೆಂದೂ ತೀರ್ಮಾನವಾಯಿತು. ಕಾಲುವೆಯ ಬಳಿಯ ಕೆಲಸಕ್ಕೆ ಅಪ್ಪಣೆ ಬೇಕಾದುದರಿಂದ ಆಗಿನ ಪಾಲಿಕೆಗೆ ಅರ್ಜಿಯು ಹೋಯಿತು. ವಿಮರ್ಶಕನು ಉಪಾಯವನ್ನು ಕೊಲ್ಲಲಿಲ್ಲ. ಅದರ ಅಳತೆಯನ್ನು ಹೇಳಿದನು. ಆ ಅಳತೆಯೇ ಮುಂದಿನ ಉಪಾಯಕ್ಕೆ ಎಡೆಮಾಡಿತು. ವಿಮರ್ಶಕನ ಮಾತು ಯಾವ ಹೊತ್ತಿಗೆ ಬರಬೇಕೆಂಬುದನ್ನೂ ಇಲ್ಲಿ ಗಮನಿಸಬೇಕು. ಉಪಾಯವು ಹುಟ್ಟಿದ ಕ್ಷಣದಲ್ಲಿಯೇ ಬಂದಿದ್ದರೆ ಅದು ಅರಳುತ್ತಿರಲಿಲ್ಲ. ಹಣವೆಲ್ಲ ಖರ್ಚಾದ ಮೇಲೆ ಬಂದಿದ್ದರೆ ಅದರಿಂದ ಫಲವಿರಲಿಲ್ಲ.

ಇನ್ನು ಸಮಾಪಕರು. ಅವರು ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಒಬ್ಬ ಮಹಿಳೆ. ಆಕೆಯ ಟಿಪ್ಪಣಿ ಪುಸ್ತಕದಲ್ಲಿ ಕೆಲಸ, ಮಾಡುವವರು, ಮುಗಿಯುವ ದಿನ ಎಂದು ಮೂರು ಕಲಮುಗಳಿದ್ದುವು. ಏಪ್ರಿಲಿನ ಕೊನೆಗೆ ಬಾವಿಗಳೂ ಕದವೂ ಸಿದ್ಧವಾಗಿ ಎಲ್ಲರೂ ಸಂತೋಷಪಡುತ್ತಿರುವಾಗ ಆಕೆ, “ಕದಕ್ಕೆ ಕಸ ಸಿಕ್ಕಿಕೊಂಡರೆ ಅದು ಮುಚ್ಚುವುದೆ?” ಎಂದು ಕೇಳಿದರು. ಮುಂಗಾರಿಗೆ ಮುಂಚಿನ ಒಂದು ಸಣ್ಣ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಹೋಗಿ ನೋಡಿದರೆ, ಒಂದು ಎಳನೀರಿನ ಬುರುಡೆ ಸಿಕ್ಕಿ ಕದವು ಅರ್ಧ ತೆರೆದೇ ನಿಂತಿದ್ದಿತು! ಅದರ ಮುಂದೆ ಕಬ್ಬಿಣದ ಜಾಲರಿಯನ್ನು ಹಾಕಿಸಿದರು. ವಾರಕ್ಕೊಮ್ಮೆ ಅದನ್ನು ತೆಗೆದು ತೊಳೆಯುವವರ ಹೆಸರನ್ನು ಸರದಿಯಂತೆ ಬರೆದರು.

ಫಲವೇನಾಯಿತೆಂದು ಕೇಳುವಿರಿ. 2023ರಲ್ಲಿ ರಾಜ್ಯದಲ್ಲೆಲ್ಲ ಮಳೆಯೇ ಕೊರತೆಯಾದುದರಿಂದ ಆ ವರ್ಷದ ನೆಮ್ಮದಿಯನ್ನು ಸಮಿತಿಯ ಲೆಕ್ಕಕ್ಕೆ ಸೇರಿಸಕೂಡದೆಂದು ವಿಮರ್ಶಕರೇ ಹೇಳಿದರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ದೊಡ್ಡ ಮಳೆಯು ಬಂದಾಗ ತಗ್ಗಿನ ಮೂಲೆಯ ಅಂಗಳಗಳಲ್ಲಿ ಒಂದು ಬೆಳಗು ಪಾದ ಮುಳುಗುವಷ್ಟು ನೀರು ನಿಂತಿತು, ಹೊಸ್ತಿಲನ್ನು ದಾಟಲಿಲ್ಲ. ಇದು ಪೂರ್ಣ ವಿಜಯವಲ್ಲ. ಆದರೆ ಹಿಂದಿನ ಸಮಿತಿಗಿಂತ ಬುದ್ಧಿಯಲ್ಲಿ ಹೆಚ್ಚಾಗಿರದ ಸಮಿತಿಯೊಂದು ಮೂರು ತಿಂಗಳಲ್ಲಿ ಮಾಡಿದ ಕೆಲಸವಿದು.

ನಮ್ಮ ವಾಚಕರಲ್ಲಿ ಸಂಸ್ಕೃತಾಭಿಮಾನಿಗಳು ಇಲ್ಲಿ ಕೌಟಿಲ್ಯನನ್ನು ನೆನೆಯದೆ ಇರರು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತ ಓಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ ಮಂತ್ರಾಲೋಚನೆಯ ಪ್ರಕರಣವೊಂದುಂಟು. ಒಬ್ಬನೇ ಮಂತ್ರಿಯಾದರೆ ಅಂಕೆಯಿಲ್ಲದೆ ನಡೆಯುವನು, ಇಬ್ಬರಾದರೆ ಕೂಡಿಕೊಂಡು ದೊರೆಯನ್ನು ಮೀರುವರು ಇಲ್ಲವೆ ಜಗಳವಾಡಿ ಕಾರ್ಯವನ್ನು ಕೆಡಿಸುವರು. ಆದುದರಿಂದ ಮೂವರೋ ನಾಲ್ವರೋ ಇರಬೇಕೆಂಬುದು ಅಲ್ಲಿಯ ಅಭಿಪ್ರಾಯ. ಮಂತ್ರಕ್ಕೆ ಐದು ಅಂಗಗಳನ್ನೂ ಅವನು ಎಣಿಸಿರುವನು: ಕಾರ್ಯವನ್ನು ಆರಂಭಿಸುವ ಉಪಾಯ, ಜನ ಮತ್ತು ದ್ರವ್ಯದ ಬಲ, ದೇಶಕಾಲಗಳ ವಿಭಾಗ, ಬರಬಹುದಾದ ವಿಪತ್ತಿಗೆ ಪ್ರತೀಕಾರ, ಕಾರ್ಯಸಿದ್ಧಿ. ಮೊದಲನೆಯದು ಕಲ್ಪಕನ ಕ್ಷೇತ್ರ, ಎರಡು ಮೂರನೆಯವು ಯೋಜಕನವು, ನಾಲ್ಕನೆಯದು ವಿಮರ್ಶಕನದು, ಐದನೆಯದು ಸಮಾಪಕನದು. ಬೆಲ್ಬಿನ್ನರು ಹೇಳಿದುದೆಲ್ಲ ನಮ್ಮಲ್ಲಿ ಮೊದಲೇ ಇದ್ದಿತೆಂದು ಇದರಿಂದ ಹೆಮ್ಮೆಪಡಬೇಕಾಗಿಲ್ಲ. ಕೌಟಿಲ್ಯನು ಆಲೋಚನೆಯ ಅಂಗಗಳನ್ನು ಎಣಿಸಿದನು. ಒಂದೊಂದು ಅಂಗಕ್ಕೂ ಬೇರೆ ಬೇರೆ ಸ್ವಭಾವದವರು ಬೇಕೆಂಬುದನ್ನೂ, ಎಲ್ಲರೂ ಒಂದೇ ಸ್ವಭಾವದವರಾದರೆ ಸೋಲುಂಟೆಂಬುದನ್ನೂ ಅಳೆದು ತೋರಿಸಿದವರು ಹೆನ್ಲಿಯವರು.

ಈ ಸಿದ್ಧಾಂತಕ್ಕೂ ಎಲ್ಲೆಗಳುಂಟು. ಯಾರು ಯಾವ ಪಾತ್ರದವರೆಂಬುದನ್ನು ತಿಳಿಯಲು ಬೆಲ್ಬಿನ್ನರು ಒಂದು ಪ್ರಶ್ನಾವಳಿಯನ್ನು ಕೊಟ್ಟಿರುವರು. ಅದರಲ್ಲಿ ನಮ್ಮ ಸ್ವಭಾವವನ್ನು ನಾವೇ ಬರೆದುಕೊಳ್ಳಬೇಕು. ಏಡ್ರಿಯನ್ ಫರ್ನಮ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1993ರಲ್ಲಿ ಇದನ್ನು ಪರೀಕ್ಷಿಸಿ, ಅಳತೆಗೋಲಾಗಿ ಇದು ಅಷ್ಟು ನೆಚ್ಚತಕ್ಕುದಲ್ಲವೆಂದು ಆಕ್ಷೇಪಿಸಿದರು. ನಮ್ಮನ್ನು ನಾವು ಕಾಣುವುದರ ಜೊತೆಗೆ, ಒಡನೆ ಕೆಲಸ ಮಾಡಿದವರು ನಮ್ಮನ್ನು ಹೇಗೆ ಕಂಡಿರುವರೆಂಬುದನ್ನೂ ಸೇರಿಸಿಕೊಳ್ಳಬೇಕೆಂಬುದು ಬೆಲ್ಬಿನ್ನರ ಸಮಾಧಾನ. ಗೃಹಸ್ಥರಿಗೆ ಇಷ್ಟು ಸಾಕು: ಕಾಗದದ ಮೇಲಿನ ಉತ್ತರಕ್ಕಿಂತ, ಹಿಂದಿನ ಮದುವೆಯಲ್ಲಿಯೋ ಜಾತ್ರೆಯಲ್ಲಿಯೋ ಅವನು ಏನು ಮಾಡಿದನೆಂಬುದನ್ನು ನೋಡಿ ನಿರ್ಣಯಿಸುವುದು ಮೇಲು.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಪಾತ್ರವೆಂಬುದು ನಾಟಕದಲ್ಲಿಯ ವೇಷದಂಥದು, ಹುಟ್ಟಿನಿಂದ ಅಂಟಿದ ಜಾತಿಯಲ್ಲ. ಬಹುಮಂದಿ ಎರಡು ಮೂರು ಪಾತ್ರಗಳನ್ನು ಸಲೀಸಾಗಿ ವಹಿಸಬಲ್ಲರು. ಮೂವರ ಕೂಟದಲ್ಲಿ ವಹಿಸಲೇಬೇಕು. ‘ನಾನು ಕಲ್ಪಕ, ಲೆಕ್ಕ ಬರೆಯುವುದು ನನ್ನ ಕೆಲಸವಲ್ಲ’ ಎನ್ನುವವನು ಸಿದ್ಧಾಂತವನ್ನು ಸೋಮಾರಿತನಕ್ಕೆ ಹೊದಿಕೆಯಾಗಿ ಮಾಡಿಕೊಳ್ಳುತ್ತಿರುವನು. ಹಾಗೆಯೇ, ಹೆಂಗಸರಾದುದರಿಂದ ಟಿಪ್ಪಣಿ ಬರೆಯಲಿ, ಹುಡುಗರಾದುದರಿಂದ ಓಡಾಡಲಿ ಎಂದು ಹಂಚುವವನು ಪಾತ್ರವನ್ನು ನೋಡಲಿಲ್ಲ, ವೇಷವನ್ನು ಮಾತ್ರ ನೋಡಿದನು.

ನಮ್ಮ ತಂಡದಲ್ಲಿ ಯಾರ ಕೊರತೆಯಿದೆಯೆಂದು ತಿಳಿಯುವುದು ಹೇಗೆ? ಲಕ್ಷಣಗಳಿಂದ ರೋಗವನ್ನು ಹಿಡಿಯುವಂತೆ ಹಿಡಿಯಬಹುದು. ಪ್ರತಿ ವರ್ಷವೂ ಹೋದ ವರ್ಷದ ಕರಪತ್ರವನ್ನೇ ದಿನಾಂಕ ತಿದ್ದಿ ಅಚ್ಚುಮಾಡಿಸುತ್ತಿದ್ದರೆ ಕಲ್ಪಕನಿಲ್ಲ. ಒಂದೇ ಕೆಲಸವನ್ನು ಇಬ್ಬರು ಮಾಡಿ ಇನ್ನೊಂದನ್ನು ಯಾರೂ ಮಾಡದೆ ಉಳಿದಿದ್ದರೆ ಯೋಜಕನಿಲ್ಲ. ಎಲ್ಲ ಕೆಲಸಗಳೂ ಮುಕ್ಕಾಲು ಪಾಲು ಆಗಿ ನಿಂತಿದ್ದರೆ ಸಮಾಪಕನಿಲ್ಲ. ಪ್ರತಿಯೊಂದು ತೀರ್ಮಾನವೂ ಚಪ್ಪಾಳೆಯೊಡನೆ ಒಮ್ಮತದಿಂದ ಆಗಿ, ತಿಂಗಳು ಕಳೆಯುವುದರೊಳಗೆ ‘ಇದು ಯಾರಿಗೂ ಹೊಳೆಯಲಿಲ್ಲವೆ?’ ಎಂದು ಕೇಳುವಂತಾಗುತ್ತಿದ್ದರೆ ವಿಮರ್ಶಕನಿಲ್ಲ. ಅಥವಾ ಇದ್ದೂ ಬಾಯಿ ಮುಚ್ಚಿಕೊಂಡಿರುವನು.

ಕೊರತೆಯು ತಿಳಿದ ಮೇಲೆ ಚಿಕಿತ್ಸೆಯು ಸುಲಭ. ತಂಡಕ್ಕೆ ಇನ್ನೊಬ್ಬರನ್ನು ಸೇರಿಸುವಾಗ, ನಮ್ಮಲ್ಲಿ ಎಲ್ಲರಿಗಿಂತ ಜಾಣರಾರೆಂದು ಕೇಳದೆ, ನಮ್ಮಲ್ಲಿ ಇಲ್ಲದವರಾರೆಂದು ಕೇಳಬೇಕು. ಬಹುಶಃ ಆ ವ್ಯಕ್ತಿಯು ನಮಗೆ ಪ್ರಿಯನಾಗಿರಲಾರನು. ಕಲ್ಪಕನಿಗೆ ವಿಮರ್ಶಕನು ಜಡನಾಗಿ ಕಾಣುವನು; ಸಮಾಪಕನಿಗೆ ಕಲ್ಪಕನು ಅಶಿಸ್ತಿನವನಾಗಿ ಕಾಣುವನು. ನಮ್ಮಂತೆಯೇ ಇರುವವರೊಡನೆ ಕುಳಿತರೆ ಸಂಜೆಯು ಹಿತವಾಗಿ ಕಳೆಯುವುದು, ನಿಜ. ಆದರೆ ಮುಂದಿನ ಮಳೆಯ ನೀರು ಹೊಸ್ತಿಲ ಹೊರಗೆ ನಿಲ್ಲಬೇಕಾಗಿದ್ದರೆ, ನಮ್ಮಂತೆ ಇಲ್ಲದವರಿಗೂ ಒಂದು ಕುರ್ಚಿಯನ್ನು ಹಾಕಿಸಬೇಕು.